ಲೆಕ್ಕ ತೋರಿಸಿ ಸ್ವಾಮಿ, ಸಿನಿಮಾ ಬೇಡ!

ಕಳೆದ ಸೆಪ್ಟೆಂಬರ್‌ನ ಒಂದು ಭಾನುವಾರ. ನಾನು ಸದಸ್ಯನಾಗಿರುವ ಪತ್ತಿನ ಸಹಕಾರ ಸಂಘದ ವಾರ್ಷಿಕ ಮಹಾಸಭೆ. ಹೆಸರು ಬೇಡ, ನಿಮ್ಮ ಬಡಾವಣೆಯಲ್ಲೂ ಅಂಥದ್ದೊಂದು ಇದ್ದೇ ಇದೆ. ಕಲ್ಯಾಣ ಮಂಟಪದ ತುಂಬ ಜನ. ಹೂವಿನಂಗಡಿಯವರು, ಆಟೋ ಓಡಿಸುವವರು, ನಿವೃತ್ತ ಮೇಷ್ಟ್ರು, ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು. ವೇದಿಕೆ ಮೇಲೆ ಪ್ರೊಜೆಕ್ಟರ್ ಹಾಕಿದ್ದರು. ನನಗೂ ಖುಷಿಯಾಯಿತು, ಪರವಾಗಿಲ್ಲವಲ್ಲ, ಈ ಸಲ ಲೆಕ್ಕ ಕಣ್ಣಿಗೆ ಕಾಣುವಂತೆ ತೋರಿಸುತ್ತಾರೆ ಅಂತ.

ಏನು ತೋರಿಸಿದರು ಗೊತ್ತೇ? ಮೊದಲು ಅಧ್ಯಕ್ಷರ ಫೋಟೋ. ಆಮೇಲೆ ಉಪಾಧ್ಯಕ್ಷರ ಫೋಟೋ. ಆಮೇಲೆ ನಿರ್ದೇಶಕರು ಒಬ್ಬೊಬ್ಬರಾಗಿ. ಶಾಲು ಹೊದಿಸಿದ್ದು, ಗಿಡ ನೆಟ್ಟಿದ್ದು, ಪ್ರತಿಭಾ ಪುರಸ್ಕಾರ. ಅದಾದ ಮೇಲೆ ಶುರುವಾಯಿತು ನೋಡಿ ಲೆಕ್ಕ. ಆಡಿಟರ್ ಆಫೀಸಿನಿಂದ ಬಂದ ಎಕ್ಸೆಲ್ ಹಾಳೆಯನ್ನು ಹಾಗೇ ಎತ್ತಿ ಪರದೆಗೆ ಅಂಟಿಸಿದ್ದಾರೆ. ಅಷ್ಟೂ ಇಂಗ್ಲಿಷು. ಒಂದೊಂದು ಪರದೆಯಲ್ಲಿ ಮೂವತ್ತು, ನಲವತ್ತು ಸಾಲು. ಅಕ್ಷರ ಇರುವೆಯಷ್ಟು. ಕೂತು ಎಣಿಸಿದೆ: ನಲವತ್ತೆರಡು ಸ್ಲೈಡು, ಹನ್ನೊಂದು ನಿಮಿಷ. ಕೊನೆಗೆ ಕಾರ್ಯದರ್ಶಿಗಳು ಮೈಕ್ ಹಿಡಿದು, "ಎಲ್ಲರ ಒಪ್ಪಿಗೆ ಇದೆ ತಾನೇ?" ಅಂದರು. ಮುಂದಿನ ಸಾಲಿನ ಹತ್ತು ಜನ "ಒಪ್ಪಿಗೆ, ಒಪ್ಪಿಗೆ" ಅಂದರು. ಹನ್ನೆರಡು ಕೋಟಿ ರೂಪಾಯಿಯ ಲೆಕ್ಕ ಅಷ್ಟಕ್ಕೆ ಪಾಸು. ಆಮೇಲೆ ಊಟದ ಸಾಲು.

ಪಕ್ಕದಲ್ಲಿದ್ದ ಹೂವಿನಂಗಡಿಯ ಅಮ್ಮ ನನ್ನನ್ನು ಕೇಳಿದರು: "ಏನಪ್ಪಾ, ನನ್ನ ಮಗಳ ಮದುವೆ ದುಡ್ಡು ಇಲ್ಲೇ ಇಟ್ಟಿದೀನಿ. ಎಲ್ಲಾ ಸರಿಯಾಗಿದೆ ತಾನೇ?"

ನಾನೇನು ಉತ್ತರ ಕೊಡಲಿ? ಆ ಸಂಘದ ವರದಿ ಪುಸ್ತಕ ಅಚ್ಚಾಗಿದ್ದೇ ನನ್ನ ಪ್ರೆಸ್ಸಿನಲ್ಲಿ! ಆಗಸ್ಟ್, ಸೆಪ್ಟೆಂಬರ್ ಬಂತೆಂದರೆ ನಮಗೆ ಸೊಸೈಟಿಗಳ ಸುಗ್ಗಿ. ಪುಟ ಉಳಿಸಿ ಎನ್ನುತ್ತಾರೆ, ನಾವು ಅಢಾವೆ ಪತ್ರಿಕೆಯನ್ನು ಏಳು ಪಾಯಿಂಟಿಗೆ ಇಳಿಸುತ್ತೇವೆ. ಇಪ್ಪತ್ತು ವರ್ಷ ಅಂಕಿಗಳ ಕಾಲಂ ನೆಟ್ಟಗೆ ನಿಲ್ಲಿಸಿದ್ದೇನೆ, ಒಂದು ದಿನವೂ ಅವು ಏನು ಹೇಳುತ್ತಿವೆ ಎಂದು ಓದಿರಲಿಲ್ಲ. ಆ ತಪ್ಪು ನನ್ನದು. ಆ ರಾತ್ರಿ ಓದಿದೆ.

ಯಾರಪ್ಪನ ದುಡ್ಡು?

ಗೆಳೆಯರೇ, ಒಂದು ಮಾತು ಮೊದಲು ತಲೆಗೆ ಹಾಕಿಕೊಳ್ಳಿ. ಸಹಕಾರ ಬ್ಯಾಂಕಿನಲ್ಲಿ ಇಟ್ಟ ಠೇವಣಿಗೆ ಐದು ಲಕ್ಷದವರೆಗೆ ವಿಮೆ ಇದೆ. ಪತ್ತಿನ ಸಹಕಾರ ಸಂಘದಲ್ಲಿ ಇಟ್ಟ ಠೇವಣಿಗೆ ಆ ವಿಮೆ ಇಲ್ಲ. ಸಂಘ ಮುಳುಗಿದರೆ ಹೂವಿನಂಗಡಿಯ ಅಮ್ಮನಿಗೆ ಬಾಗಿಲು ತಟ್ಟಲು ಇನ್ನೊಂದು ಮನೆ ಇಲ್ಲ. ಬ್ಯಾಂಕುಗಳ ಕತೆಯೇ ಏನಾಯಿತು ನೋಡಿದಿರಲ್ಲ. 2020ರ ಜನವರಿಯಲ್ಲಿ ಬಸವನಗುಡಿಯ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿತು. ಠೇವಣಿದಾರರು 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ ಎಂದಿತು. ಜೀವಮಾನದ ಉಳಿತಾಯ ಇಟ್ಟಿದ್ದ ಹಿರಿಯರು ಬ್ಯಾಂಕಿನ ಮುಂದೆ ನಿಂತು ಅತ್ತರು.

ಇಂಥ ದುಡ್ಡಿನ ಮೇಲೆ ಸದಸ್ಯನಿಗೆ ವರ್ಷಕ್ಕೊಮ್ಮೆ ಪ್ರಶ್ನೆ ಕೇಳುವ ಜಾಗ ಅಂತ ಇರುವುದು ಮಹಾಸಭೆ. ಅಲ್ಲಿ ಅವನಿಗೆ ಅರ್ಥವಾಗದ ಭಾಷೆಯಲ್ಲಿ, ಕಾಣದ ಅಕ್ಷರದಲ್ಲಿ ಲೆಕ್ಕ ಕೊಡುವುದೆಂದರೆ ಕೊಡದೇ ಇರುವುದೇ. 1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಂಘ ಕಟ್ಟಿದರು. ಅದು ಮೊಳೆತದ್ದು ನಮ್ಮ ಕನ್ನಡದ ಒಂದು ಹಳ್ಳಿಯಲ್ಲಿ, ರೈತರ ನಡುವೆ. ನೂರಿಪ್ಪತ್ತು ವರ್ಷ ಕಳೆದ ಮೇಲೆ ಬೆಂಗಳೂರಿನ ಕನ್ನಡಿಗ ತನ್ನದೇ ಸಂಘದ ಸಭೆಯಲ್ಲಿ ಕಣ್ಣು ಪಿಳಿಪಿಳಿ ಬಿಟ್ಟು ಕೂರಬೇಕು!

ಹಾಗಂತ ಇಂಗ್ಲಿಷ್ ತೆಗೆದು ಕನ್ನಡ ಹಾಕಿದರೆ ಮುಗಿಯಿತು ಎಂದುಕೊಳ್ಳಬೇಡಿ. ಕೆಲವು ಸಂಘಗಳ ಸ್ಲೈಡು ಕನ್ನಡದಲ್ಲೇ ಇರುತ್ತದೆ. ಏನಂತ? "ಸಂಶಯಾಸ್ಪದ ಮುಂಗಡಗಳಿಗೆ ಕಲ್ಪಿಸಿದ ಅವಕಾಶ." ಯಾರಿಗೆ ಕಲ್ಪಿಸಿದ ಅವಕಾಶ ಸ್ವಾಮಿ? ಆ ಅಮ್ಮ ಅದನ್ನು ಓದಿ, ಯಾರಿಗೋ ಸಾಲ ತೀರಿಸಲು ಇನ್ನೊಂದು ಅವಕಾಶ ಕೊಟ್ಟಿದ್ದಾರೆ ಎಂದುಕೊಳ್ಳುತ್ತಾರೆ. "ಸಾಲ ವಾಪಸು ಬಾರದೇ ಹೋದರೆ ಅಂತ ತೆಗೆದಿಟ್ಟ ದುಡ್ಡು" ಅಂತ ಬರೆಯಿರಿ. ಉದ್ದವಾಯಿತು, ಆಗಲಿ. ಕಾಯಿದೆಯ ಪದ ಪುಸ್ತಕದಲ್ಲಿರಲಿ, ಪರದೆಗೆ ಮನೆಮಾತು ಬರಲಿ.

ಏಳು ಪರದೆ ಸಾಕು

ನಮ್ಮ ಬಳಗದಲ್ಲೊಬ್ಬ ಹುಡುಗನಿದ್ದಾನೆ. ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ದಿನಾ ಬೆಳಗಾದರೆ ಅಮೆರಿಕಾದವರಿಗೆ ಸ್ಲೈಡು ಮಾಡಿ ತೋರಿಸುವುದೇ ಅವನ ಉದ್ಯೋಗ. "ನಿಮ್ಮಪ್ಪನ ಸೊಸೈಟಿಗೆ ಒಂದು ಮಾಡಿಕೊಡೋ" ಅಂದೆ. ಭಾನುವಾರ ಪ್ರೆಸ್ಸಿಗೆ ಬಂದ. ವರದಿ ಪುಸ್ತಕ ಮುಂದಿಟ್ಟುಕೊಂಡು ಇಬ್ಬರೂ ಕೂತೆವು. ನಾನು ಪಿಯುಸಿ, ಅವನಿಗೂ ಅಕೌಂಟ್ಸ್ ಗೊತ್ತಿಲ್ಲ. ಅದೇ ಒಳ್ಳೆಯದಾಯಿತು. ನಮ್ಮಿಬ್ಬರಿಗೂ ತಿಳಿಯುವವರೆಗೆ ಒಂದು ಸಾಲೂ ಪರದೆಗೆ ಹೋಗಬಾರದು ಎಂದು ಕರಾರು ಮಾಡಿಕೊಂಡೆವು. ಕೊನೆಗೆ ನಿಂತದ್ದು ಏಳು ಪರದೆ. ಪ್ರತಿಯೊಂದರ ತಲೆಯ ಮೇಲೆ ಸದಸ್ಯ ಕೇಳುವ ಒಂದು ಪ್ರಶ್ನೆ, ಅದರ ಕೆಳಗೆ ಒಂದೇ ಉತ್ತರ. ಅಂಕಿಗಳನ್ನು ಇಲ್ಲಿ ನಾನು ದುಂಡಗೆ ಮಾಡಿ ಕೊಡುತ್ತೇನೆ.

ಮೊದಲನೆಯದು: "ಸಂಘದಲ್ಲಿ ಯಾರ ದುಡ್ಡಿದೆ?" ಒಟ್ಟು 12 ಕೋಟಿ. ಅದರಲ್ಲಿ ಸದಸ್ಯರ ಠೇವಣಿ ಒಂಬತ್ತೂವರೆ ಕೋಟಿ. ಷೇರು 1 ಕೋಟಿ 20 ಲಕ್ಷ. ಹಿಂದಿನ ವರ್ಷಗಳ ಲಾಭದಲ್ಲಿ ಉಳಿಸಿದ ನಿಧಿ 80 ಲಕ್ಷ. ಚಿಲ್ಲರೆ ಬಾಬತ್ತು ಎಲ್ಲಾ ಸೇರಿ 50 ಲಕ್ಷ. ಇದನ್ನೇ ಅಢಾವೆಯಲ್ಲಿ "ಜವಾಬ್ದಾರಿಗಳು" ಎಂದು ಹಾಕಿರುತ್ತಾರೆ. ಪರದೆ ನೋಡಿದ ಕೂಡಲೇ ಒಂದು ವಿಷಯ ಹೊಳೆಯಬೇಕು: ಈ ದುಡ್ಡು ಅಧ್ಯಕ್ಷರದ್ದಲ್ಲ.

ಎರಡನೆಯದು: "ಆ ದುಡ್ಡು ಈಗ ಎಲ್ಲಿದೆ?" ಸದಸ್ಯರಿಗೆ ಕೊಟ್ಟ ಸಾಲ 8 ಕೋಟಿ 40 ಲಕ್ಷ. ಬ್ಯಾಂಕಿನಲ್ಲಿ ಇಟ್ಟ ಠೇವಣಿ 2 ಕೋಟಿ 40 ಲಕ್ಷ. ಕಟ್ಟಡ, ಪೀಠೋಪಕರಣ 70 ಲಕ್ಷ. ಬರಬೇಕಾದ ಬಡ್ಡಿ 30 ಲಕ್ಷ. ಕೈಯಲ್ಲಿರುವ ನಗದು, ಚಾಲ್ತಿ ಖಾತೆ 20 ಲಕ್ಷ. ಇಲ್ಲೂ ಒಟ್ಟು 12 ಕೋಟಿ. ಎರಡೂ ಕಡೆ ಸಮ ಆಗಿದ್ದೇ ಲೆಕ್ಕ ಸರಿಯಿರುವುದಕ್ಕೆ ಸಾಕ್ಷಿ ಎಂದು ಕಾರ್ಯದರ್ಶಿಗಳು ಮೈಕಿನಲ್ಲಿ ಹೇಳುತ್ತಾರೆ. ನಂಬಬೇಡಿ. ಎರಡೂ ಕಡೆ ಸಮ ಆಗಲೇಬೇಕು, ಜಮಾ ಖರ್ಚು ಬರೆಯುವ ಪದ್ಧತಿಯೇ ಹಾಗೆ. ಕೊಟ್ಟ ಸಾಲ ಪೂರಾ ಮುಳುಗಿದ್ದರೂ ಪುಸ್ತಕದಲ್ಲಿ ಅದು ಸಾಲ ಅಂತಲೇ ಕೂತಿದ್ದರೆ ಅಢಾವೆ ಚೆನ್ನಾಗಿಯೇ ತಾಳೆಯಾಗುತ್ತದೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ಸಮವಾಯಿತೇ ಎನ್ನುವುದಲ್ಲ, ಆ 8 ಕೋಟಿ 40 ಲಕ್ಷದಲ್ಲಿ ವಾಪಸು ಬರುವುದೆಷ್ಟು ಎನ್ನುವುದು.

ಅದಕ್ಕೇ ಮೂರನೆಯ ಪರದೆ ಸುಸ್ತಿಯದ್ದು. ಇಲ್ಲೇ ಇರುವುದು ನೋಡಿ ಜಗಳ.

ಸುಸ್ತಿ ಎಲ್ಲಿ ಅಡಗಿತ್ತು?

ಆ ನಲವತ್ತೆರಡು ಸ್ಲೈಡಿನಲ್ಲಿ ಸುಸ್ತಿಯ ಮಾತು ಬಂದದ್ದು ಮೂವತ್ತೆಂಟನೆಯದರಲ್ಲಿ, ಡಿವಿಡೆಂಡ್ ಘೋಷಣೆ ಆಗಿ ಚಪ್ಪಾಳೆ ಬಿದ್ದ ಮೇಲೆ. ಚಪ್ಪಾಳೆ ತಟ್ಟಿದ ಕೈ ಆಮೇಲೆ ಪ್ರಶ್ನೆ ಕೇಳಲು ಮೇಲೆ ಏಳುವುದಿಲ್ಲ. ಇದು ತಿಳಿಯದೇ ಮಾಡಿದ್ದು ಎಂದು ನಾನಂತೂ ನಂಬಲಾರೆ. ಸಾಲದ ಸ್ಥಿತಿ ಮೊದಲು, ಲಾಭ ಆಮೇಲೆ, ಹಂಚುವ ಮಾತು ಕೊನೆಗೆ. ಲೆಕ್ಕ ತೋರಿಸುವ ಪರದೆಗಳ ಕ್ರಮ ಇದೇ ಇರಬೇಕು.

ಅಲ್ಲಿ ತೋರಿಸಿದ ಅಂಕಿ: ಸುಸ್ತಿ 31 ಲಕ್ಷ. ನೂರು ರೂಪಾಯಿ ಸಾಲದಲ್ಲಿ ನಾಲ್ಕು ರೂಪಾಯಿಯೂ ಇಲ್ಲ. ಆಹಾ! ಆದರೆ ಪುಸ್ತಕದ ಕೊನೆಯಲ್ಲಿದ್ದ ಲೆಕ್ಕಪರಿಶೋಧನಾ ವರದಿಯಲ್ಲಿ ಬೇರೆ ಅಂಕಿ ಇತ್ತು: 1 ಕೋಟಿ 26 ಲಕ್ಷ. ಯಾವುದು ಸುಳ್ಳು? ಎರಡೂ ಸುಳ್ಳಲ್ಲ. ಒಬ್ಬ ಐದು ಲಕ್ಷ ಸಾಲ ತೆಗೆದಿದ್ದಾನೆ ಅನ್ನಿ. ತಿಂಗಳಿಗೆ ಹತ್ತು ಸಾವಿರ ಕಂತು. ನಾಲ್ಕು ಕಂತು ಕಟ್ಟಿಲ್ಲ. ಸುಸ್ತಿ ಎಷ್ಟು? ತಪ್ಪಿದ ಕಂತು ಮಾತ್ರ ಲೆಕ್ಕ ಹಾಕಿದರೆ ನಲವತ್ತು ಸಾವಿರ. ಆದರೆ ನಾಲ್ಕು ತಿಂಗಳು ಮುಖ ತೋರಿಸದವನು ಮಿಕ್ಕ ದುಡ್ಡು ಮಾತ್ರ ನೆಟ್ಟಗೆ ಕಟ್ಟುತ್ತಾನೆ ಎಂದು ಯಾರು ಹೇಳಿದರು? ಅಪಾಯದಲ್ಲಿರುವುದು ಅವನ ಹತ್ತಿರ ಬಾಕಿ ಇರುವ ಅಷ್ಟೂ ಹಣ. ವೇದಿಕೆ ಮೇಲೆ ತೋರಿಸಿದ್ದು ತಪ್ಪಿದ ಕಂತು. ಪರಿಶೋಧಕರು ಬರೆದದ್ದು ಆ ಸಾಲಗಾರರ ಪೂರ್ತಿ ಬಾಕಿ. ಸ್ಲೈಡಿನಲ್ಲಿ ಎರಡನ್ನೂ ಅಕ್ಕಪಕ್ಕ ಹಾಕಿ, ಒಂದೊಂದು ಸಾಲಿನ ವಿವರಣೆ ಕೊಡಬೇಕು.

ನಮ್ಮ ಮೂರನೆಯ ಪರದೆಯ ತಲೆಬರಹ ಹೀಗೆ ಮಾಡಿದೆವು: "ಕೊಟ್ಟ ನೂರು ರೂಪಾಯಿ ಸಾಲದಲ್ಲಿ 15 ರೂಪಾಯಿ ಹೇಳಿದ ಹೊತ್ತಿಗೆ ಬರುತ್ತಿಲ್ಲ. ಹಿಂದಿನ ವರ್ಷ 11 ರೂಪಾಯಿ 50 ಪೈಸೆ ಇತ್ತು." ಅದರ ಕೆಳಗೆ ಮೂರು ಪಟ್ಟಿ. ಒಂದು ವರ್ಷದ ಒಳಗಿನ ಸುಸ್ತಿ 46 ಲಕ್ಷ. ಒಂದರಿಂದ ಮೂರು ವರ್ಷದ್ದು 38 ಲಕ್ಷ. ಮೂರು ವರ್ಷ ಮೀರಿದ್ದು 42 ಲಕ್ಷ. ಪಕ್ಕದಲ್ಲಿ ನಾಲ್ಕನೆಯ ಚಿಕ್ಕ ಪಟ್ಟಿ: ಬಾರದೇ ಹೋದರೆ ಅಂತ ತೆಗೆದಿಟ್ಟ ದುಡ್ಡು 20 ಲಕ್ಷ. ಅಷ್ಟೇ. ಮಾತೇ ಬೇಡ, 42ರ ಪಕ್ಕ 20 ನಿಂತಾಗ ಓದು ಬಾರದವರಿಗೂ ತಿಳಿಯುತ್ತದೆ.

ನ್ಯಾಯವಾಗಿ ಹೇಳಬೇಕಾದ್ದನ್ನೂ ಹೇಳುತ್ತೇನೆ. ಸುಸ್ತಿ ಎಂದರೆ ಮುಳುಗಿತು ಎಂದಲ್ಲ. ಎಷ್ಟೋ ಸಾಲಕ್ಕೆ ಮನೆ ಅಡಮಾನ ಇರುತ್ತದೆ, ಜಾಮೀನುದಾರರಿರುತ್ತಾರೆ, ದಾವೆ ನಡೆಯುತ್ತಿರುತ್ತದೆ. ಆ 42 ಲಕ್ಷದಲ್ಲಿ ಅಡಮಾನ ಇರುವುದೆಷ್ಟು ಎನ್ನುವ ಒಂದು ಸಾಲು ಅದೇ ಪರದೆಯಲ್ಲಿ ಇರಲಿ. ಸಾಲಗಾರರ ಹೆಸರು ಮಾತ್ರ ಬೇಡ. ತುಂಬಿದ ಸಭೆಯಲ್ಲಿ ಬಡವನ ಮಾನ ತೆಗೆಯಲು ಅಲ್ಲ ಈ ಪರದೆ. ಆದರೆ ಆಡಳಿತ ಮಂಡಳಿಯವರು, ಅವರ ಮನೆಯವರು ತೆಗೆದ ಸಾಲದ ಮೊತ್ತ ಎಷ್ಟು, ಅದರಲ್ಲಿ ಸುಸ್ತಿ ಎಷ್ಟು, ಇದೊಂದು ಸಾಲು ಬೇಕೇ ಬೇಕು. ಬಡವನ ಹೆಸರು ಮುಚ್ಚಿಡಿ, ನಿರ್ದೇಶಕರ ಮೊತ್ತ ಬಿಚ್ಚಿಡಿ!

ಇನ್ನೊಂದು ಕೈಚಳಕ ಇದೆ. ಮಾರ್ಚ್ ಕೊನೆಯ ವಾರ ಹಳೆಯ ಸಾಲವನ್ನು "ನವೀಕರಣ" ಮಾಡುತ್ತಾರೆ. ಅಂದರೆ ಅದೇ ಮನುಷ್ಯನಿಗೆ ಹೊಸ ಸಾಲ ಮಂಜೂರು, ಆ ಹಣ ಹಳೆಯ ಸಾಲಕ್ಕೆ ಜಮಾ. ಒಂದು ರೂಪಾಯಿಯೂ ಕೈ ಬದಲಿಸುವುದಿಲ್ಲ. ಮಾರ್ಚ್ 31ಕ್ಕೆ ಸುಸ್ತಿ ಮಾಯ. ಹೊಸ ಸಾಲದ ಕಂತು ತಪ್ಪುವುದು ಮೇ, ಜೂನ್ ತಿಂಗಳಲ್ಲಿ. ಹಿಡಿಯುವುದು ಹೇಗೆ? ಮಾರ್ಚ್ ಒಂದರ ಅಂಕಿ ನೋಡಿದರೆ ಹಿಡಿಯಲಾಗದು. ಹಿಂದಿನ ಡಿಸೆಂಬರ್, ಮಾರ್ಚ್, ಸಭೆಗೆ ಮುಂಚಿನ ಆಗಸ್ಟ್, ಈ ಮೂರು ತಿಂಗಳ ಕೊನೆಯ ಸುಸ್ತಿಯನ್ನು ಮೂರು ಕಂಬವಾಗಿ ನಿಲ್ಲಿಸಿ. ನಡುವಿನ ಕಂಬ ಮಾತ್ರ ಕುಳ್ಳಗಿದ್ದರೆ ಮಾರ್ಚ್‌ನಲ್ಲಿ ಏನು ನಡೆಯಿತು ಎಂದು ಕೇಳಿ. ನಿಜವಾಗಿ ವಸೂಲಿ ಆಗಿಯೂ ಕುಳ್ಳಗಾಗಿರಬಹುದು, ವರ್ಷದ ಕೊನೆಗೆ ಎಲ್ಲರೂ ಓಡಾಡಿ ವಸೂಲು ಮಾಡುವುದು ಉಂಟು. ಆದರೆ ನಿಜವಾದ ವಸೂಲಿ ಆಗಸ್ಟ್ ಹೊತ್ತಿಗೆ ಅಷ್ಟೇ ಎತ್ತರಕ್ಕೆ ಮತ್ತೆ ಎದ್ದು ನಿಲ್ಲುವುದಿಲ್ಲ. ಡಿಸೆಂಬರ್, ಆಗಸ್ಟ್ ಅಂಕಿ ನಮ್ಮ ಪುಸ್ತಕದಲ್ಲಿ ಇರಲಿಲ್ಲ. ಆ ಎರಡು ಕಂಬದ ಜಾಗ ಖಾಲಿ ಬಿಟ್ಟು, "ಇದನ್ನು ಕಾರ್ಯದರ್ಶಿಗಳು ತುಂಬಬೇಕು" ಎಂದು ಬರೆದೆವು.

ಹನ್ನೆರಡು ಲಕ್ಷ ಲಾಭವಂತೆ!

ನಾಲ್ಕನೆಯ ಪರದೆ ಲಾಭದ್ದು. ವರ್ಷದ ಆದಾಯ 1 ಕೋಟಿ 25 ಲಕ್ಷ, ಖರ್ಚು 1 ಕೋಟಿ 13 ಲಕ್ಷ, ಲಾಭ 12 ಲಕ್ಷ. ಇಷ್ಟು ದೊಡ್ಡ ಅಂಕಿ ಜನರ ತಲೆಯಲ್ಲಿ ನಿಲ್ಲುವುದಿಲ್ಲ. ನೂರು ರೂಪಾಯಿಗೆ ಇಳಿಸಿ. ಸಂಘಕ್ಕೆ ಬಂದ ನೂರು ರೂಪಾಯಿಯಲ್ಲಿ ಠೇವಣಿದಾರರಿಗೆ ಬಡ್ಡಿ 64, ಸಂಬಳ 14, ಬಾಡಿಗೆ, ಕರೆಂಟು, ಸಭೆ, ಮುದ್ರಣ ಎಲ್ಲಾ 7 (ನನ್ನ ಬಿಲ್ಲೂ ಇದರಲ್ಲೇ ಇದೆ), ಬಾರದ ಸಾಲಕ್ಕೆ ತೆಗೆದಿಟ್ಟದ್ದು 3, ಸವಕಳಿ 2, ಉಳಿದದ್ದು 10. ಸವಕಳಿ ಅಂದರೆ ಕಂಪ್ಯೂಟರ್, ಕುರ್ಚಿ ಹಳತಾಗುವುದರ ಲೆಕ್ಕ. ಇಷ್ಟು ಹೇಳಿದರೆ ಮನೆ ಖರ್ಚು ತೂಗಿಸುವ ಯಾವ ಹೆಣ್ಣುಮಗಳೂ ಆಡಿಟರ್‌ಗಿಂತ ಚುರುಕಾಗಿ ಪ್ರಶ್ನೆ ಕೇಳುತ್ತಾಳೆ.

ಆದರೆ "ಬಂದ ನೂರು ರೂಪಾಯಿ" ಅಂದೆನಲ್ಲ, ಅಲ್ಲೇ ಇತ್ತು ಗಂಟು. ಹುಡುಗ ಕೇಳಿದ: "ಅಣ್ಣಾ, ಎರಡನೇ ಪರದೆಯಲ್ಲಿ ಬರಬೇಕಾದ ಬಡ್ಡಿ 30 ಲಕ್ಷ ಅಂತ ಇದೆಯಲ್ಲ, ಅದು ಆದಾಯದಲ್ಲಿ ಸೇರಿದೆಯಾ?" ಪುಟ ತಿರುವಿದೆವು. ಸೇರಿದೆ! ಸಾಲದ ಬಡ್ಡಿ 1 ಕೋಟಿ 5 ಲಕ್ಷ ಎಂದು ಆದಾಯದಲ್ಲಿ ತೋರಿಸಿದ್ದು ಕೈಗೆ ಬಂದ ಬಡ್ಡಿ ಅಲ್ಲ, ವರ್ಷಕ್ಕೆ ಲೆಕ್ಕ ಹಾಕಿದ ಬಡ್ಡಿ. ಹಿಂದಿನ ಮಾರ್ಚ್‌ನಲ್ಲಿ ಬರಬೇಕಾದ ಬಡ್ಡಿ 14 ಲಕ್ಷ ಇತ್ತು, ಈ ಮಾರ್ಚ್‌ಗೆ 30 ಲಕ್ಷ. ಅಂದರೆ ಈ ವರ್ಷ ಆದಾಯ ಎಂದು ಬರೆದುಕೊಂಡು ವಸೂಲಾಗದೆ ಉಳಿದದ್ದು 16 ಲಕ್ಷ ಹೆಚ್ಚಿದೆ. ಲಾಭ ಎಷ್ಟು? 12 ಲಕ್ಷ. ಹೇಳಿ ಸ್ವಾಮಿ, ಆ ಲಾಭ ಎಲ್ಲಿದೆ? ಪೆಟ್ಟಿಗೆಯಲ್ಲೋ, ಕಾಗದದಲ್ಲೋ?

ಇಲ್ಲೂ ದುಡುಕಬಾರದು. ಬರಬೇಕಾದ ಬಡ್ಡಿ ಆದಾಯಕ್ಕೆ ಸೇರಿಸುವುದೇ ಮೋಸ ಎಂದು ಕೂಗಬೇಡಿ, ಕೂಗಿದರೆ ನಗೆಪಾಟಲಾಗುತ್ತೀರಿ. ಮಾರ್ಚ್ ತಿಂಗಳ ಬಡ್ಡಿ ಏಪ್ರಿಲ್ ಐದಕ್ಕೆ ಬರುತ್ತದೆ ಎಂದರೆ ಅದನ್ನು ಮಾರ್ಚ್ ಆದಾಯದಲ್ಲಿ ಬರೆಯುವುದು ಸರಿಯಾದ ಪದ್ಧತಿಯೇ. ಸಂಘ ಠೇವಣಿದಾರರಿಗೆ ಕೊಡಬೇಕಾದ ಬಡ್ಡಿಯನ್ನೂ ಹೀಗೇ ಮುಂಚಿತವಾಗಿ ಖರ್ಚಿಗೆ ಬರೆಯುತ್ತಾರೆ. ಕೇಳಬೇಕಾದದ್ದು ಒಂದೇ: ಆ 30 ಲಕ್ಷದಲ್ಲಿ ಸುಸ್ತಿದಾರರಿಂದ ಬರಬೇಕಾದದ್ದು ಎಷ್ಟು? ನಮ್ಮ ಸಂಘದ ಪರಿಶೋಧನಾ ವರದಿ ಅದನ್ನೂ ಹೇಳಿತ್ತು, 22 ಲಕ್ಷ. ಅದಕ್ಕೆ ಪ್ರತಿಯಾಗಿ ಬೇರೆ ದುಡ್ಡು ತೆಗೆದಿಟ್ಟಿಲ್ಲ, ತೆಗೆದಿಡಿ ಎಂದೂ ಬರೆದಿತ್ತು. ಅಸಲನ್ನೇ ಕೊಡದವನ ಬಡ್ಡಿಯನ್ನು ಆದಾಯ ಎಂದು ಬರೆದು, ಆ ಆದಾಯದಿಂದ ಲಾಭ ತೋರಿಸಿ, ಆ ಲಾಭದಿಂದ ಡಿವಿಡೆಂಡ್ ಹಂಚಿದರೆ, ಹಂಚಿದ ನೋಟು ಬರುವುದು ಎಲ್ಲಿಂದ? ಹೂವಿನಂಗಡಿಯ ಅಮ್ಮ ಇಟ್ಟ ಠೇವಣಿಯಿಂದ.

ಹಾಗಾಗಿ ನಾಲ್ಕನೆಯ ಪರದೆಯ ಕೆಳಗೆ ದಪ್ಪ ಅಕ್ಷರದಲ್ಲಿ ಒಂದು ಸಾಲು ಸೇರಿಸಿದೆವು: "ಲಾಭ 12 ಲಕ್ಷ. ಆದಾಯ ಎಂದು ಬರೆದ ಬಡ್ಡಿಯಲ್ಲಿ ಇನ್ನೂ ಕೈಗೆ ಬಾರದ್ದು 30 ಲಕ್ಷ, ಅದರಲ್ಲಿ ಸುಸ್ತಿದಾರರದ್ದು 22 ಲಕ್ಷ."

ಐದನೆಯ ಪರದೆಗೆ ಪರಿಶೋಧಕರ ಆಕ್ಷೇಪಣೆಗಳು. ಪ್ರತಿ ಆಕ್ಷೇಪಣೆಗೆ ಒಂದು ಸಾಲು, ಎದುರಿಗೆ ಸಂಘ ಏನು ಮಾಡಿತು ಎನ್ನುವುದು ಒಂದು ಸಾಲು. "ಸರಿಪಡಿಸಲು ಕ್ರಮ ಕೈಗೊಳ್ಳಲಾಗುವುದು" ಎನ್ನುವ ಮಾತಿಗೆ ಜಾಗವಿಲ್ಲ. ಮಾಡಿದ್ದರೆ ಯಾವ ದಿನ, ಮಾಡಿಲ್ಲವಾದರೆ "ಮಾಡಿಲ್ಲ". ಹಿಂದಿನ ವರ್ಷವೂ ಇದೇ ಆಕ್ಷೇಪಣೆ ಬಂದಿತ್ತೇ ಎನ್ನುವುದಕ್ಕೆ ಒಂದು ಗುರುತು ಹಾಕಿ.

ಆರನೆಯದು ಲಾಭ ಹಂಚಿಕೆ. ಇದು ಬೇಗ ಮುಗಿಯುತ್ತದೆ. ಕಾಯಿದೆ ಪ್ರಕಾರ ನಾಲ್ಕನೇ ಒಂದು ಪಾಲು, ಅಂದರೆ 3 ಲಕ್ಷ, ಮೀಸಲು ನಿಧಿಗೆ. ಶೇಕಡ 6 ಡಿವಿಡೆಂಡ್ ಎಂದರೆ 7 ಲಕ್ಷ 20 ಸಾವಿರ. ಮಿಕ್ಕ 1 ಲಕ್ಷ 80 ಸಾವಿರ ಬೇರೆ ನಿಧಿಗಳಿಗೆ. ಪಕ್ಕದಲ್ಲಿ ಬರೆಯಿರಿ: "ನಿಮ್ಮ ಷೇರು 5,000 ರೂಪಾಯಿ ಇದ್ದರೆ ನಿಮಗೆ ಬರುವುದು 300 ರೂಪಾಯಿ." ಮುನ್ನೂರು ರೂಪಾಯಿ ಸ್ವಾಮಿ! ಅದಕ್ಕೆ ಚಪ್ಪಾಳೆ ತಟ್ಟಿ, ಎರಡು ಲಕ್ಷದ ಠೇವಣಿ ಬಗ್ಗೆ ಪ್ರಶ್ನೆ ಕೇಳದೆ ಎದ್ದು ಬಂದೆವು.

ಏಳನೆಯದರಲ್ಲಿ ಠರಾವು, ಪೂರ್ತಿ ವಾಕ್ಯದಲ್ಲಿ. "ಯಾವುದಕ್ಕೆ ಕೈ ಎತ್ತುತ್ತಿದ್ದೇವೆ" ಎಂದು ಸದಸ್ಯ ಓದಿ ಎತ್ತಬೇಕು. ಪ್ರತಿ ಠರಾವಿಗೂ ಬೇರೆ ಕೈ. ಎಲ್ಲವನ್ನೂ ಒಂದೇ "ಒಪ್ಪಿಗೆ"ಯಲ್ಲಿ ಕಟ್ಟಿ ಎತ್ತಬಾರದು.

ಕಾಣದ ಅಕ್ಷರ, ಒಡೆದ ಅಕ್ಷರ

ಇನ್ನು ನನ್ನ ಕಸುಬಿನ ಮಾತು. ಕಲ್ಯಾಣ ಮಂಟಪದಲ್ಲಿ ಕಿಟಕಿ ಬೆಳಕು ಜಾಸ್ತಿ. ಬಣ್ಣದ ಹಿನ್ನೆಲೆ ಹಾಕಿದರೆ ಅಕ್ಷರ ತೇಲಿಹೋಗುತ್ತದೆ. ಬಿಳಿ ಮೇಲೆ ಕಪ್ಪು, ಅಷ್ಟೇ. ಅಕ್ಷರ 28 ಪಾಯಿಂಟಿಗೆ ಇಳಿಯಬಾರದು. ಕನ್ನಡಕ್ಕೆ ಒತ್ತಕ್ಷರ ಇದೆ, ಇಂಗ್ಲಿಷಿನ ಸಾಲಿನ ಅಂತರವನ್ನೇ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಾಗಿ ಎರಡೂ ಕೆಡುತ್ತವೆ. ಅಂತರ ಒಂದೂವರೆ ಪಟ್ಟು ಇಡಿ. ಪರೀಕ್ಷೆ ಸುಲಭ: ಲ್ಯಾಪ್‌ಟಾಪಿನಲ್ಲಿ ಸ್ಲೈಡು ತೆರೆದು ಎಂಟು ಅಡಿ ಹಿಂದೆ ಹೋಗಿ ನಿಲ್ಲಿ. ಓದಲು ಬಂದರೆ ಮಂಟಪದ ಕೊನೆಯ ಕುರ್ಚಿಗೂ ಕಾಣುತ್ತದೆ. ನಿಮ್ಮ ಕಣ್ಣಲ್ಲಿ ಬೇಡ, ನಿಮ್ಮ ತಂದೆಯ ಕಣ್ಣಲ್ಲಿ ಪರೀಕ್ಷೆ ಮಾಡಿ.

"ಕನ್ನಡ ಹಾಕಿದರೆ ಅಕ್ಷರ ಒಡೆಯುತ್ತೆ ಸಾರ್, ಅದಕ್ಕೇ ಇಂಗ್ಲಿಷು" ಎನ್ನುವ ನೆಪ ಕೇಳಿ ಕೇಳಿ ಸಾಕಾಗಿದೆ. ಒಡೆಯುವುದು ಕನ್ನಡವಲ್ಲ. ಹಳೆಯ ನುಡಿ ಫಾಂಟಿನಲ್ಲಿ, ಯೂನಿಕೋಡ್ ಅಲ್ಲದ ಕ್ರಮದಲ್ಲಿ ಟೈಪ್ ಮಾಡಿದ್ದನ್ನು ಆ ಫಾಂಟ್ ಇಲ್ಲದ ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಿಚಡಿ ಕಾಣುತ್ತದೆ. ಯೂನಿಕೋಡಿನಲ್ಲಿ ಟೈಪ್ ಮಾಡಿ. ಸಭೆಗೆ ಒಯ್ಯುವ ಮುನ್ನ ಅದರ ಪಿಡಿಎಫ್ ಪ್ರತಿ ಒಂದನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಿ, ಫಾಂಟ್ ಅದರೊಳಗೇ ಕೂತಿರುತ್ತದೆ. ನಮ್ಮ ಹುಡುಗ ಹತ್ತು ನಿಮಿಷದಲ್ಲಿ ಮಾಡಿದ ಕೆಲಸ ಇದು.

ಪಟ್ಟಿ, ಕಂಬ ಬರೆಯುವಾಗ ಸೊನ್ನೆಯಿಂದ ಶುರು ಮಾಡಿ. ಆ ನಲವತ್ತೆರಡರಲ್ಲಿ ಒಂದು ಕಂಬಚಿತ್ರ ಇತ್ತು, ಠೇವಣಿ 9 ಕೋಟಿ 20 ಲಕ್ಷದಿಂದ 9 ಕೋಟಿ 50 ಲಕ್ಷಕ್ಕೆ ಏರಿದ್ದು. ಬುಡವನ್ನು 9 ಕೋಟಿಯಿಂದ ಶುರು ಮಾಡಿದ್ದರು. ನೋಡಿದರೆ ಎರಡೂವರೆ ಪಟ್ಟು ಬೆಳೆದ ಹಾಗೆ! ಬೆಳೆದದ್ದು ನೂರಕ್ಕೆ ಮೂರು ಚಿಲ್ಲರೆ. ಇನ್ನೊಂದು, ಲಕ್ಷವೋ ಕೋಟಿಯೋ ಒಂದೇ ಅಳತೆ ಇರಲಿ. ಠೇವಣಿಯನ್ನು ಲಕ್ಷದಲ್ಲಿ 950 ಎಂದು ತೋರಿಸಿ, ಸುಸ್ತಿಯನ್ನು ಕೋಟಿಯಲ್ಲಿ 1.26 ಎಂದು ತೋರಿಸಿದರೆ ಕಣ್ಣು ಮೋಸ ಹೋಗುತ್ತದೆ. ಪ್ರತಿ ಪರದೆಯ ಅಡಿಯಲ್ಲಿ ವರದಿ ಪುಸ್ತಕದ ಪುಟ ಸಂಖ್ಯೆ ಹಾಕಿ. ಸ್ಲೈಡು ಮುಂದೆ ಓಡಿಹೋದರೂ ಪುಸ್ತಕ ಕೈಯಲ್ಲಿ ಉಳಿಯುತ್ತದೆ, ಅನುಮಾನ ಬಂದವನು ಅಲ್ಲೇ ಪುಟ ತೆರೆದು ಎದ್ದು ನಿಲ್ಲಬಹುದು. ಏಳು ಪರದೆಗೆ ಇಪ್ಪತ್ತೈದು ನಿಮಿಷ, ಅದರಲ್ಲಿ ಮೂರು, ನಾಲ್ಕಕ್ಕೇ ಹದಿನೈದು.

ಒಂದು ಸಾಲು ತೆಗೆಯಿರಿ

ಜುಲೈನಲ್ಲಿ ಈ ಏಳು ಪರದೆಯನ್ನು ಕಾಗದದ ಮೇಲೆ ಅಚ್ಚು ಹಾಕಿಕೊಂಡು ನಾನೂ ಹುಡುಗನೂ ಸಂಘದ ಕಚೇರಿಗೆ ಹೋದೆವು. ಈ ವರ್ಷದ ಅಂಕಿ ತುಂಬಿ ಇದನ್ನೇ ತೋರಿಸಿ, ಕೂಲಿ ಬೇಡ, ನಾವೇ ಮಾಡಿಕೊಡುತ್ತೇವೆ ಎಂದೆವು. ಕಾರ್ಯದರ್ಶಿಗಳು ಕನ್ನಡಕ ಹಾಕಿಕೊಂಡು ಒಂದೊಂದೇ ಹಾಳೆ ತಿರುವಿದರು. ಮೊದಲನೆಯದು ಚೆನ್ನಾಗಿದೆ ಎಂದರು. ಎರಡನೆಯದೂ ಚೆನ್ನಾಗಿದೆ. ಮೂರನೆಯದರಲ್ಲಿ ಸ್ವಲ್ಪ ಹೊತ್ತು ನಿಂತರು, ಖಾಲಿ ಕಂಬದ ಮೇಲೆ ಬೆರಳಾಡಿಸಿದರು, ಏನೂ ಹೇಳಲಿಲ್ಲ. ನಾಲ್ಕನೆಯದಕ್ಕೆ ಬಂದು ಕನ್ನಡಕ ತೆಗೆದರು.

"ಎಲ್ಲಾ ಒಪ್ಪುತ್ತೀನಿ ಕಣ್ರೀ. ಬೇಕಾದರೆ ಅಧ್ಯಕ್ಷರ ಫೋಟೋನೂ ಬೇಡ. ಆದರೆ ಇದರ ಕೆಳಗೆ ದಪ್ಪಗೆ ಬರೆದಿದೀರಲ್ಲ, ಈ ಒಂದು ಸಾಲು ತೆಗೆದುಬಿಡಿ. ಜನಕ್ಕೆ ಇದೆಲ್ಲಾ ಅರ್ಥ ಆಗಲ್ಲ."

ಹುಡುಗ ನನ್ನ ಮುಖ ನೋಡಿದ. ಮೆಟ್ಟಿಲ ಹತ್ತಿರ ಹೂವಿನಂಗಡಿಯ ಅಮ್ಮ ಪಿಗ್ಮಿ ಪುಸ್ತಕ ಹಿಡಿದು ನಿಂತಿದ್ದರು. ಅವರನ್ನು ಒಳಗೆ ಕರೆದು ಆ ಹಾಳೆಯನ್ನು ಕೈಗೆ ಕೊಟ್ಟೆ. ಅಕ್ಷರ ದೊಡ್ಡದಿತ್ತು. ಒಂದೊಂದೇ ಪದ ಕೂಡಿಸಿಕೊಂಡು ಓದಿದರು. ಓದಿ ಮುಗಿಸಿ ಕಾರ್ಯದರ್ಶಿಗಳ ಕಡೆ ತಿರುಗಿ ಕೇಳಿದರು:

"ಅಲ್ಲಾ ಸ್ವಾಮಿ, ಕೈಗೇ ಬರದ ದುಡ್ಡನ್ನ ಹೋದ ವರ್ಷ ನಮಗೆ ಹೆಂಗೆ ಹಂಚಿದ್ರಿ?"